ಬಾಟಲಿ ಎಸೆಯುವ ಮುನ್ನ ಬರೆದಿಡಬೇಕಾದದ್ದು

ಡೊಂಬಿವಲಿ: ಕೊರೊನಾ ಕಾಲದಲ್ಲಿ ಡೊಂಬಿವಲಿ, ಕಲ್ಯಾಣ್, ಥಾಣೆ ಪರಿಸರದ ಕನ್ನಡಿಗರ ಮನೆಗಳಲ್ಲಿ ಅಮೃತಬಳ್ಳಿಯ ಕಷಾಯ ಕುದಿಯದ ದಿನ ಇರಲಿಲ್ಲವೆನ್ನಬಹುದು. ಮರಾಠಿ ನೆರೆಹೊರೆಯವರು ಗುಳವೇಲ್ ಎಂದರು, ಟಿವಿಯವರು ಗಿಲೋಯ್ ಎಂದರು, ಊರಿನಿಂದ ಬಂದವರು ಅಮೃತಬಳ್ಳಿ ಎಂದು ಚೀಲದಲ್ಲಿ ತುಂಬಿ ತಂದರು. ಬಳ್ಳಿ ಸಿಗದವರು ರಸದ ಬಾಟಲಿಯನ್ನೋ ಮಾತ್ರೆಯ ಡಬ್ಬಿಯನ್ನೋ ಕೊಂಡರು. ರೋಗ ನಿರೋಧಕ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆಯಲ್ಲಿ ಹಿರಿಯರೂ ಕಿರಿಯರೂ ಕುಡಿದರು. ಹೆಚ್ಚಿನವರಿಗೆ ಏನೂ ಆಗಲಿಲ್ಲ. ಕೆಲವರಿಗೆ ಕಾಮಾಲೆ ಬಂತು.

2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಮುಂಬಯಿಯ ಲಿವರ್ ತಜ್ಞರು ಇಂತಹ ಆರು ಮಂದಿ ರೋಗಿಗಳನ್ನು ಕಂಡರು. ಆರೂ ಮಂದಿ ಅಮೃತಬಳ್ಳಿ ಸೇವಿಸಿದ್ದರು, ಆರೂ ಮಂದಿಯ ಲಿವರ್‌ಗೆ ಪೆಟ್ಟು ಬಿದ್ದಿತ್ತು. ಅವರಲ್ಲಿ ಒಬ್ಬರು ಬದುಕಲಿಲ್ಲ. ಡಾ. ಆಭಾ ನಾಗ್ರಾಲ್ ಮತ್ತು ಸಂಗಡಿಗರ ಈ ವರದಿ 2021ರ ಜುಲೈ ತಿಂಗಳಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬೆಳಕು ಕಂಡಾಗ ದೊಡ್ಡ ಚರ್ಚೆಯೇ ನಡೆಯಿತು. ಕೇಂದ್ರದ ಆಯುಷ್ ಸಚಿವಾಲಯ ಕೂಡಲೇ ಹೇಳಿಕೆ ನೀಡಿ, ಈ ವರದಿ ದಾರಿ ತಪ್ಪಿಸುವಂಥದ್ದು ಎಂದಿತು. ಸಚಿವಾಲಯದ ಆಕ್ಷೇಪಗಳು ಗಮನಿಸತಕ್ಕವು. ರೋಗಿಗಳು ಕುಡಿದದ್ದು ನಿಜವಾದ ಅಮೃತಬಳ್ಳಿಯೇ ಎಂದು ಪರೀಕ್ಷಿಸಿಲ್ಲ, ಅದನ್ನೇ ಹೋಲುವ ಟಿನೊಸ್ಪೊರಾ ಕ್ರಿಸ್ಪಾ ಎಂಬ ಬೇರೆ ಬಳ್ಳಿ ಆಗಿರಬಹುದು; ಎಷ್ಟು ಪ್ರಮಾಣದಲ್ಲಿ ಸೇವಿಸಿದರು, ಜೊತೆಗೆ ಬೇರೆ ಯಾವ ಔಷಧ ತೆಗೆದುಕೊಳ್ಳುತ್ತಿದ್ದರು ಎಂಬ ವಿವರ ಸರಿಯಾಗಿಲ್ಲ ಎಂಬುದು ಅದರ ವಾದ.

ಮರುವರ್ಷ, 2022ರಲ್ಲಿ, ದೇಶದ 13 ಕೇಂದ್ರಗಳ ವೈದ್ಯರು ಸೇರಿ ಇಂತಹ 43 ರೋಗಿಗಳ ವಿವರ ಪ್ರಕಟಿಸಿದರು. ಸೇವನೆ ಆರಂಭಿಸಿದ ದಿನದಿಂದ ತೊಂದರೆ ಕಾಣಿಸಿಕೊಳ್ಳುವವರೆಗಿನ ಅವಧಿ ನಡುಮಟ್ಟಕ್ಕೆ 46 ದಿನ ಎಂದು ಅದರಲ್ಲಿ ಕಂಡುಬಂತು. ಆಯುಷ್ ಸಚಿವಾಲಯ ಅದೇ ವರ್ಷ ಮತ್ತೊಮ್ಮೆ ಅಮೃತಬಳ್ಳಿ ಸುರಕ್ಷಿತ, ಆದರೆ ಹೋಲಿಕೆಯ ಬಳ್ಳಿಯ ಬಗ್ಗೆ ಎಚ್ಚರವಿರಲಿ ಎಂದು ಹೇಳಿತು.

ಯಾರ ವಾದ ಸರಿ ಎಂಬ ತೀರ್ಮಾನ ಡೊಂಬಿವಲಿಯ ಗೃಹಿಣಿಯ ಕೈಯಲ್ಲಿಲ್ಲ. ಆದರೆ ಈ ಜಗಳದಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಒಂದು ಜೀವ ಹೋದ ಮೇಲೂ, ಕುಡಿದದ್ದು ಯಾವ ಬಳ್ಳಿ, ಎಷ್ಟು, ಎಂದಿನಿಂದ ಎಂಬ ಪ್ರಶ್ನೆಗಳೇ ವಿವಾದದ ಕೇಂದ್ರವಾದವು. ಈ ಪ್ರಶ್ನೆಗಳಿಗೆ ಉತ್ತರ ಪ್ರಯೋಗಾಲಯದಲ್ಲಿ ಹುಟ್ಟುವುದಕ್ಕಿಂತ ಮೊದಲು ಮನೆಯ ಅಡುಗೆಮನೆಯ ಕಪಾಟಿನಲ್ಲಿರುತ್ತದೆ. ರೋಗಿ ಆಸ್ಪತ್ರೆಯಲ್ಲಿರುವಾಗ ಮನೆಯವರು 'ಇದೇ ಹಾಳಾದ್ದು' ಎಂದು ಬಾಟಲಿಯನ್ನು ಕಸದ ಗಾಡಿಗೆ ಹಾಕಿದರೆ, ಉತ್ತರವೂ ಅದರ ಜೊತೆಯಲ್ಲೇ ಹೋಗುತ್ತದೆ.

ವೈದ್ಯರಿಗೆ ಹೇಳದ ಮಾತು

ಮೊದಲ ತೊಡಕು ವೈದ್ಯರ ಎದುರಿನಲ್ಲೇ ಆರಂಭವಾಗುತ್ತದೆ. 'ಬೇರೆ ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ?' ಎಂದು ಡಾಕ್ಟರ್ ಮರಾಠಿಯಲ್ಲೋ ಹಿಂದಿಯಲ್ಲೋ ಕೇಳುತ್ತಾರೆ. ಹಿರಿಯರು ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಹೇಳಿ ಸುಮ್ಮನಾಗುತ್ತಾರೆ. ರಸ, ಚೂರ್ಣ, ಪ್ರೊಟೀನ್ ಪುಡಿ, ಕೂದಲು ಉದುರುವುದಕ್ಕೆ ಮಗಳು ತಂದುಕೊಟ್ಟ ಮಾತ್ರೆ, ಮಂಡಿನೋವಿಗೆ ಸಂಬಂಧಿಕರು ಕೊಟ್ಟ ಕ್ಯಾಪ್ಸೂಲ್ ಇವು ಯಾವುವೂ ಅವರ ಲೆಕ್ಕದಲ್ಲಿ ಔಷಧ ಅಲ್ಲ. ಸುಳ್ಳು ಹೇಳುವ ಉದ್ದೇಶ ಅವರಿಗಿಲ್ಲ. ಪ್ರಶ್ನೆಯಲ್ಲಿ 'ಔಷಧ' ಎಂಬ ಮಾತಿತ್ತು, ಅದಕ್ಕೆ ಸರಿಯಾದ ಉತ್ತರವನ್ನೇ ಅವರು ಕೊಟ್ಟರು, ಅಷ್ಟೇ.

ಇನ್ನೊಂದು ತೊಡಕು ಸಂಕೋಚದ್ದು. ಇಂತಹ ಉತ್ಪನ್ನಗಳು ಎಷ್ಟೋ ಸಲ ಪರಿಚಯದವರ ಮೂಲಕವೇ ಬರುತ್ತವೆ. ಸಂಘದ ಕಾರ್ಯಕ್ರಮದಲ್ಲಿ ಪಕ್ಕದಲ್ಲಿ ಕುಳಿತವರು, ಭಜನಾ ಮಂಡಳಿಯ ಅಕ್ಕ, ಊರಿನ ದೂರದ ಬಂಧು ಯಾರೋ ಒಬ್ಬರು ಮಾರಾಟ ಜಾಲದಲ್ಲಿ ಸೇರಿರುತ್ತಾರೆ. ದೂರು ಕೊಟ್ಟರೆ ಅವರಿಗೆ ಬೇಸರವಾದೀತು ಎಂದು ಮನೆಯವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಇಲ್ಲಿ ತಿಳಿಯಬೇಕಾದ ವಿಷಯವೊಂದಿದೆ. ಅಡ್ಡಪರಿಣಾಮದ ವರದಿ ಯಾರ ಮೇಲೂ ಆರೋಪವಲ್ಲ. ಆ ಉತ್ಪನ್ನದಿಂದಲೇ ತೊಂದರೆ ಆಯಿತು ಎಂದು ಒಪ್ಪಿಕೊಂಡಂತೆಯೂ ಅಲ್ಲ ಎಂಬುದು ಸರಕಾರದ ವ್ಯವಸ್ಥೆಯಲ್ಲೇ ಅಡಕವಾಗಿದೆ. ಸಂಶಯ ಇದ್ದರೆ ಸಾಕು, ರುಜುವಾತು ಬೇಕಿಲ್ಲ. ರೋಗಿಯ ಗುರುತನ್ನು ಗೌಪ್ಯವಾಗಿ ಇಡಲಾಗುತ್ತದೆ, ನಮೂನೆಯಲ್ಲಿ ಪೂರ್ಣ ಹೆಸರಿನ ಬದಲು ಹೆಸರಿನ ಮೊದಲ ಅಕ್ಷರಗಳನ್ನೇ ಕೇಳುತ್ತಾರೆ.

ನಾಲ್ಕು ಕಂಬಗಳು

ಜಗತ್ತಿನ ಯಾವ ದೇಶದಲ್ಲೇ ಆಗಲಿ, ಇಂತಹ ವರದಿ ಲೆಕ್ಕಕ್ಕೆ ಬರಬೇಕಾದರೆ ನಾಲ್ಕು ವಿಷಯ ಇರಲೇಬೇಕು. ತೊಂದರೆ ಯಾರಿಗಾಯಿತು, ಯಾವ ವಸ್ತುವಿನ ಮೇಲೆ ಸಂಶಯ, ಏನು ತೊಂದರೆಯಾಯಿತು, ವರದಿ ಮಾಡುತ್ತಿರುವವರು ಯಾರು. ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಚಪ್ಪರ ನಿಲ್ಲುವುದಿಲ್ಲ. 'ಯಾವುದೋ ಶಕ್ತಿವರ್ಧಕ ಪುಡಿ ತಿಂದು ಯಾರಿಗೋ ಏನೋ ಆಯಿತಂತೆ' ಎಂಬ ವಾಟ್ಸಾಪ್ ಸಂದೇಶಕ್ಕೂ ವರದಿಗೂ ಇರುವ ವ್ಯತ್ಯಾಸ ಇದೇ. ಈ ನಾಲ್ಕರ ಮೇಲೆ ಐದನೆಯದಾಗಿ ತಾರೀಕುಗಳು ಸೇರಿದರೆ ಆ ವರದಿಗೆ ನಿಜವಾದ ಬೆಲೆ ಬರುತ್ತದೆ.

ಇದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಡೊಂಬಿವಲಿ ಪೂರ್ವದ ಒಂದು ಮನೆಯಲ್ಲಿ 58ರ ಹರೆಯದ ಗೃಹಿಣಿಯೊಬ್ಬರು ಜೂನ್ 2ರಿಂದ ಅಮೃತಬಳ್ಳಿ ರಸ ಕುಡಿಯತೊಡಗಿದರು ಎಂದಿಟ್ಟುಕೊಳ್ಳೋಣ. ಬೆಳಿಗ್ಗೆ 20 ಮಿಲಿಲೀಟರ್, ರಾತ್ರಿ 20 ಮಿಲಿಲೀಟರ್. ಜುಲೈ 14ರಿಂದ ಸುಸ್ತು, ಊಟ ಬೇಡವೆನ್ನಿಸುವುದು. ಜುಲೈ 18ಕ್ಕೆ ಮೂತ್ರ ಚಹಾದ ಬಣ್ಣಕ್ಕೆ ತಿರುಗಿತು. ಜುಲೈ 20ರಂದು ಕಣ್ಣು ಹಳದಿಯಾದದ್ದನ್ನು ಸೊಸೆ ಗಮನಿಸಿದಳು, ಅಂದು ರಾತ್ರಿಯಿಂದ ರಸ ನಿಲ್ಲಿಸಿದರು. ಮರುದಿನದ ರಕ್ತ ಪರೀಕ್ಷೆಯಲ್ಲಿ ಬಿಲಿರುಬಿನ್ 6.2 ಬಂತು, ಅದು 1.2ರ ಒಳಗೆ ಇರಬೇಕು. ಲಿವರ್‌ನ ಕಣಗಳಿಗೆ ಏಟು ಬಿದ್ದಾಗ ಏರುವ ಎಸ್‌ಜಿಪಿಟಿ 840 ಇತ್ತು, ಸಾಮಾನ್ಯವಾಗಿ ಅದರ ಮೇಲಿನ ಮಿತಿ 40ರ ಆಸುಪಾಸಿನಲ್ಲಿರುತ್ತದೆ.

ಇಲ್ಲಿ ಮನೆಯವರು ಮೊದಲು ಬರೆಯಬೇಕಾದದ್ದು ಮೂರು ತಾರೀಕು. ಸೇವನೆ ಆರಂಭವಾದ ದಿನ, ಮೊದಲ ಲಕ್ಷಣ ಕಂಡ ದಿನ, ನಿಲ್ಲಿಸಿದ ದಿನ. ಜೂನ್ 2ರಿಂದ ಜುಲೈ 14ಕ್ಕೆ 42 ದಿನ. 'ಸುಮಾರು ಎರಡು ತಿಂಗಳಿಂದ ಕುಡಿಯುತ್ತಿದ್ದರು' ಎಂದರೆ ತಜ್ಞರಿಗೆ ಹೆಚ್ಚು ಉಪಯೋಗವಾಗದು. ಕಣ್ಣು ಹಳದಿಯಾದ ದಿನವನ್ನು ಎಲ್ಲರೂ ನೆನಪಿಡುತ್ತಾರೆ. ಆದರೆ ತೊಂದರೆ ಆರಂಭವಾದದ್ದು ಆರು ದಿನ ಮೊದಲು, ಸುಸ್ತಿನಿಂದ. ಆ ಮೊದಲ ದಿನವೇ ಮುಖ್ಯ. ತಾರೀಕು ನೆನಪಾಗದಿದ್ದರೆ ಹಬ್ಬ, ಏಕಾದಶಿ, ಊರಿಗೆ ಹೋಗಿ ಬಂದ ರೈಲು ಟಿಕೆಟು, ಅಂಗಡಿಯ ಬಿಲ್ಲು ಇವುಗಳಿಂದ ಲೆಕ್ಕ ಹಿಡಿಯಬಹುದು.

ಎರಡನೆಯದು ವಸ್ತುವಿನ ಗುರುತು. ದಿನಕ್ಕೆ 40 ಮಿಲಿಲೀಟರ್‌ನಂತೆ 48 ದಿನಕ್ಕೆ 1,920, ಕೊನೆಯ ದಿನ ಬೆಳಿಗ್ಗೆಯ 20 ಸೇರಿ 1,940 ಮಿಲಿಲೀಟರ್ ಆಯಿತು. ಬಾಟಲಿ 500 ಮಿಲಿಲೀಟರ್‌ನದಾದರೆ ಆಕೆ ಬಹುತೇಕ ನಾಲ್ಕು ಬಾಟಲಿ ಮುಗಿಸಿದ್ದಾರೆ. ಕಪಾಟಿನಲ್ಲಿ ಉಳಿದಿರುವುದು ನಾಲ್ಕನೆಯದು ಮಾತ್ರ. ಲಕ್ಷಣ ಆರಂಭವಾದಾಗ ಅದೇ ಬಾಟಲಿ ನಡೆಯುತ್ತಿತ್ತು ನಿಜ, ಆದರೆ ಲಿವರ್‌ಗೆ ತೊಂದರೆ ಅದಕ್ಕಿಂತ ಮೊದಲಿನ ಬಾಟಲಿಗಳಿಂದಲೇ ಶುರುವಾಗಿರಬಹುದು. ಆದುದರಿಂದ ಎಷ್ಟು ಬಾಟಲಿ, ಯಾವ ಅಂಗಡಿಯಿಂದ, ಯಾವ ದಿನ ಎಂಬುದನ್ನು ಬಿಲ್ಲಿನಿಂದಲೋ ಫೋನಿನಲ್ಲಿ ಹಣ ಪಾವತಿಸಿದ ದಾಖಲೆಯಿಂದಲೋ ಬರೆದುಕೊಳ್ಳಬೇಕು. ಉಳಿದ ಬಾಟಲಿಯ ನಾಲ್ಕೂ ಬದಿಯ ಫೋಟೊ ತೆಗೆಯಬೇಕು. ಹೆಸರು ಮಾತ್ರ ಕಂಡರೆ ಸಾಲದು. ಬ್ಯಾಚ್ ನಂಬರ್, ತಯಾರಾದ ಹಾಗೂ ಮುಗಿಯುವ ತಾರೀಕು, ಲೈಸನ್ಸ್ ನಂಬರ್, ಒಳಗೇನಿದೆ ಎಂಬ ಪಟ್ಟಿ, ತಯಾರಕರ ವಿಳಾಸ ಓದುವಂತಿರಬೇಕು. ಅನೇಕ ಬಾಟಲಿಗಳಲ್ಲಿ ತಯಾರಿಸಿದವರು ಒಬ್ಬರು, ಮಾರುವವರು ಇನ್ನೊಬ್ಬರು. ಎರಡೂ ಹೆಸರು ಬೇಕು. ಬ್ಯಾಚ್ ನಂಬರ್ ಕೆಲವೊಮ್ಮೆ ಚೀಟಿಯ ಮೇಲಿರದೆ ಬಾಟಲಿಯ ಕತ್ತಿನಲ್ಲೋ ತಳದಲ್ಲೋ ಮಸುಕಾಗಿ ಒತ್ತಿರುತ್ತದೆ.

ಚೀಟಿಯೇ ಇಲ್ಲದ ವಸ್ತುವಾದರೆ? ಗ್ರಂಥಿಗೆ ಅಂಗಡಿಯ ಪೊಟ್ಟಣ, ಊರಿನಿಂದ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿ ತಂದ ಪುಡಿ, ಕಾಲೊನಿಯ ಗೋಡೆಯ ಮೇಲಿನ ಬಳ್ಳಿ ಇವಕ್ಕೆ ಬ್ಯಾಚ್ ನಂಬರ್ ಎಲ್ಲಿಂದ ಬರಬೇಕು? ಅಂತಹ ಸಂದರ್ಭದಲ್ಲಿ ವಸ್ತುವೇ ಸಾಕ್ಷಿ. ಪುಡಿಯನ್ನು ಬೇರೆ ಡಬ್ಬಿಗೆ ಹಾಕದೆ ಇದ್ದಂತೆಯೇ ಮುಚ್ಚಿ, ಒಣಗಿದ ತಂಪು ಜಾಗದಲ್ಲಿಡಬೇಕು. ಬಳ್ಳಿಯಾದರೆ ಎಲೆ, ಕಾಂಡ ಎರಡೂ ಇರುವ ತುಂಡನ್ನು ಕಾಗದದ ನಡುವೆ ಒಣಗಿಸಿಟ್ಟು, ಹಸಿಯಿರುವಾಗಲೇ ಫೋಟೊ ತೆಗೆದುಕೊಳ್ಳಬೇಕು. ಮೇಲೆ ಹೇಳಿದ ಹೋಲಿಕೆಯ ಬಳ್ಳಿಯ ಕಾಂಡದ ಮೇಲೆ ಒತ್ತೊತ್ತಾಗಿ ಗಂಟುಗಳಂಥ ಉಬ್ಬುಗಳಿರುತ್ತವೆ. ಗುರುತಿಸುವ ಕೆಲಸ ಸಸ್ಯ ತಜ್ಞರದು, ಆದರೆ ಅವರ ಕೈಗೆ ಕೊಡಲು ಒಂದು ತುಂಡಾದರೂ ಉಳಿದಿರಬೇಕು.

ಮೂರನೆಯದು, ಜೊತೆಯಲ್ಲಿ ಸೇವಿಸಿದ ಎಲ್ಲವೂ. ಇದೇ ಗೃಹಿಣಿ ಆರು ವರ್ಷದಿಂದ ಥೈರಾಯ್ಡ್ ಮಾತ್ರೆ, ನಾಲ್ಕು ವರ್ಷದಿಂದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಜುಲೈ 8ರಿಂದ 10ರವರೆಗೆ ಜ್ವರಕ್ಕೆ 500 ಮಿಲಿಗ್ರಾಂನ ಪ್ಯಾರಾಸಿಟಮಾಲ್ ದಿನಕ್ಕೆ ಎರಡರಂತೆ ನುಂಗಿದ್ದಾರೆ ಎನ್ನೋಣ. ಪ್ಯಾರಾಸಿಟಮಾಲ್ ಅತಿಯಾದರೆ ಲಿವರ್‌ಗೆ ಹಾನಿ. ದಿನಕ್ಕೆ ಎರಡು ಮಾತ್ರೆ ಅತಿ ಅಲ್ಲ. ಆದರೂ ಅದನ್ನು ಬಿಟ್ಟುಬಿಡಬಾರದು. ರಸದ ಮೇಲೆ ಸಂಶಯ ಬಂದ ಮೇಲೆ ಉಳಿದದ್ದನ್ನೆಲ್ಲ ಮರೆಮಾಚಿದರೆ ವರದಿ ಗಟ್ಟಿಯಾಗುವುದಿಲ್ಲ, ಪೊಳ್ಳಾಗುತ್ತದೆ. ಮುಂದೆ ಯಾರಾದರೂ ಆ ಮಾತ್ರೆಯ ಬಗ್ಗೆ ಕೇಳಿದರೆ ಇಡೀ ವರದಿಯ ಮೇಲಿನ ನಂಬಿಕೆ ಕುಸಿಯುತ್ತದೆ. ಮದ್ಯಪಾನ ಇದ್ದರೆ ಅದನ್ನೂ, ಮೊದಲೇ ಲಿವರ್ ಕಾಯಿಲೆಯಿದ್ದರೆ ಅದನ್ನೂ ಬರೆಯಬೇಕು.

ನಾಲ್ಕನೆಯದು, ನಿಲ್ಲಿಸಿದ ಮೇಲೆ ಏನಾಯಿತು ಎಂಬುದು. ಆಗಸ್ಟ್ 10ರ ಪರೀಕ್ಷೆಯಲ್ಲಿ ಬಿಲಿರುಬಿನ್ 2.4ಕ್ಕೆ, ಎಸ್‌ಜಿಪಿಟಿ 130ಕ್ಕೆ ಇಳಿದಿದೆ ಎಂದಾದರೆ ಅದು ಬೆಲೆಬಾಳುವ ಸುಳಿವು. ನಿಲ್ಲಿಸಿದ ಮೇಲೆ ಕಡಿಮೆಯಾಗುವುದು ಸಂಶಯಕ್ಕೆ ಬಲ ಕೊಡುತ್ತದೆ. ಆದರೆ ಮುಂಬಯಿಯ ಮಳೆಗಾಲದಲ್ಲಿ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಕಾಮಾಲೆಗಳೂ ತಾನಾಗಿಯೇ ಇಳಿಯುತ್ತವೆ. ಆದುದರಿಂದ ಅವುಗಳ ರಕ್ತ ಪರೀಕ್ಷೆಯಲ್ಲಿ ಸೋಂಕು ಇಲ್ಲವೆಂದು ಬಂದ ರಿಪೋರ್ಟನ್ನು ಜೊತೆಗಿಡಬೇಕು. ಆ ಒಂದು ಕಾಗದವಿಲ್ಲದೆ ಜುಲೈ ತಿಂಗಳ ಕಾಮಾಲೆಯನ್ನು ರಸದ ತಲೆಗೆ ಕಟ್ಟುವುದು ನ್ಯಾಯವಾಗದು. ಇನ್ನು, 'ಇದರಿಂದಲೇ ಆಯಿತೋ ನೋಡೋಣ' ಎಂದು ಮತ್ತೆ ಕುಡಿದು ಪರೀಕ್ಷಿಸುವ ಸಾಹಸ ಯಾರೂ ಮಾಡಬಾರದು. ಎರಡನೆಯ ಪೆಟ್ಟು ಮೊದಲನೆಯದಕ್ಕಿಂತ ಜೋರಾಗಿರಬಹುದು.

ಬರೆಯುವುದಕ್ಕೂ ಹೊತ್ತು ನೋಡಬೇಕು. ಉಸಿರುಗಟ್ಟುವುದು, ತುಟಿ-ನಾಲಗೆ ಊದಿಕೊಳ್ಳುವುದು, ಕಾಮಾಲೆಯ ಜೊತೆ ಮಂಕು ಕವಿಯುವುದು, ರಕ್ತವಾಂತಿ ಇಂತಹ ಲಕ್ಷಣವಿದ್ದರೆ ಮೊದಲು ಆಸ್ಪತ್ರೆ, ಆಮೇಲೆ ಪೆನ್ನು. ಬಾಟಲಿಯನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು.

ಯಾರ ಬಾಗಿಲು ತಟ್ಟಬೇಕು?

ಎಲ್ಲ ಬರೆದಾಯಿತು. ಈಗ ಕೊಡುವುದು ಎಲ್ಲಿಗೆ? ಜನ ಸೋಲುವುದು ಇಲ್ಲಿಯೇ. ಅಂಗಡಿಯ ಒಂದೇ ಸಾಲಿನಲ್ಲಿ ನಿಂತಿರುವ ಮೂರು ಬಾಟಲಿಗಳು ಕಾನೂನಿನ ಕಣ್ಣಿನಲ್ಲಿ ಮೂರು ಬೇರೆ ಬೇರೆ ವಸ್ತುಗಳಾಗಿರಬಹುದು. ಉತ್ತರ ಚೀಟಿಯ ಮೇಲಿನ ಲೈಸನ್ಸ್ ನಂಬರಿನಲ್ಲಿದೆ.

ಎಫ್‌ಎಸ್‌ಎಸ್‌ಎಐ ಗುರುತು ಹಾಗೂ 14 ಅಂಕೆಗಳ ನಂಬರ್ ಇದ್ದು, 'ಹೆಲ್ತ್ ಸಪ್ಲಿಮೆಂಟ್' ಎಂದೋ, ಔಷಧವಾಗಿ ಬಳಸತಕ್ಕದ್ದಲ್ಲ ಎಂದೋ ಬರೆದಿದ್ದರೆ ಅದು ಆಹಾರ. ಅದರ ದೂರು ಆಹಾರ ಸುರಕ್ಷತಾ ಪ್ರಾಧಿಕಾರಕ್ಕೆ. 1800-11-2100 ಎಂಬ ಉಚಿತ ನಂಬರ್ ಇದೆ, Food Safety Connect ಎಂಬ ಮೊಬೈಲ್ ಆ್ಯಪ್ ಇದೆ. ಮಹಾರಾಷ್ಟ್ರದಲ್ಲಿ ಆಹಾರ ಮತ್ತು ಔಷಧ ಎರಡನ್ನೂ ನೋಡಿಕೊಳ್ಳುವುದು ರಾಜ್ಯದ ಎಫ್‌ಡಿಎ. ಅದರ ಉಚಿತ ಸಹಾಯವಾಣಿ 1800-222-365, ಥಾಣೆಯ ಕಚೇರಿ ವಾಗ್ಳೆ ಎಸ್ಟೇಟಿನಲ್ಲಿದೆ.

'ಆಯುರ್ವೇದಿಕ್ ಮೆಡಿಸಿನ್' ಎಂದು ಬರೆದು ತಯಾರಿಕಾ ಲೈಸನ್ಸ್ ನಂಬರ್ ಕೊಟ್ಟಿದ್ದರೆ ಅದು ಆಯುರ್ವೇದ ಔಷಧ. ಇದರ ಅಡ್ಡಪರಿಣಾಮಗಳನ್ನು ದಾಖಲಿಸಲು ಆಯುಷ್ ಸಚಿವಾಲಯದ್ದೇ ಪ್ರತ್ಯೇಕ ಜಾಲವಿದೆ. ಅದರ ರಾಷ್ಟ್ರೀಯ ಕೇಂದ್ರ ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯಲ್ಲಿದೆ, ayushsuraksha.com ಎಂಬಲ್ಲಿ ನಮೂನೆ ಸಿಗುತ್ತದೆ.

ಮೂರನೆಯದು ಸಾಮಾನ್ಯ ಔಷಧ. ವಿಟಮಿನ್ ಮಾತ್ರೆಗಳಲ್ಲೂ ಕೆಲವು ಔಷಧದ ಲೈಸನ್ಸಿನಲ್ಲಿ ತಯಾರಾಗುತ್ತವೆ. ಇದಕ್ಕೆ ಭಾರತ ಔಷಧ ಜಾಗರೂಕತಾ ಕಾರ್ಯಕ್ರಮವಿದೆ. 2010ರಲ್ಲಿ ಆರಂಭವಾದ ಈ ಕಾರ್ಯಕ್ರಮದ ಕೇಂದ್ರ 2011ರಿಂದ ಗಾಜಿಯಾಬಾದಿನ ಇಂಡಿಯನ್ ಫಾರ್ಮಾಕೊಪಿಯಾ ಕಮಿಷನ್ನಿನಲ್ಲಿದೆ. ಸಹಾಯವಾಣಿ 1800-180-3024, ಕೆಲಸದ ದಿನಗಳಲ್ಲಿ ಹಗಲು ಹೊತ್ತು ನಡೆಯುತ್ತದೆ. ಮೊಬೈಲಿನಲ್ಲಿ ADR PvPI ಎಂಬ ಆ್ಯಪ್ ಇದೆ. ವೈದ್ಯಕೀಯ ಕಾಲೇಜುಗಳಲ್ಲಿ ಇದರ ಕೇಂದ್ರಗಳಿದ್ದು, ಮುಂಬಯಿಯ ಪರೇಲಿನ ಕೆಇಎಂ ಆಸ್ಪತ್ರೆಯ ಕಾಲೇಜಿನಲ್ಲೂ ಒಂದಿದೆ. ಗಿಡಮೂಲಿಕೆ ಉತ್ಪನ್ನದ ವರದಿಯನ್ನೂ ಇಲ್ಲಿ ತೆಗೆದುಕೊಳ್ಳುತ್ತಾರೆ. ಯಾವ ಬಾಗಿಲು ಎಂದು ತಿಳಿಯದಿದ್ದವರು ಇಲ್ಲಿಂದಲೇ ಆರಂಭಿಸಬಹುದು.

ಕನ್ನಡಿಗರಿಗೆ ಸಂತಸದ ವಿಷಯವೆಂದರೆ, ಜನಸಾಮಾನ್ಯರೇ ತುಂಬಬಹುದಾದ ಈ ಕಾರ್ಯಕ್ರಮದ ನಮೂನೆ ಕನ್ನಡದಲ್ಲಿಯೂ ಲಭ್ಯವಿದೆ. ಅದರಲ್ಲಿ ಕೇಳುವುದು ಮೇಲೆ ಹೇಳಿದ್ದನ್ನೇ. ರೋಗಿಯ ಹೆಸರಿನ ಮೊದಲ ಅಕ್ಷರ, ವಯಸ್ಸು, ಯಾವ ಕಾರಣಕ್ಕೆ ಸೇವಿಸಿದರು, ಯಾರ ಸಲಹೆಯ ಮೇರೆಗೆ, ಆರಂಭಿಸಿದ ಮತ್ತು ನಿಲ್ಲಿಸಿದ ದಿನ, ತೊಂದರೆ ಎಂದು ಶುರುವಾಯಿತು, ಈಗಲೂ ಇದೆಯೇ, ಎಷ್ಟು ತೀವ್ರ. 'ಯಾರ ಸಲಹೆಯ ಮೇರೆಗೆ' ಎಂಬಲ್ಲಿ ವೈದ್ಯರು, ಔಷಧ ಅಂಗಡಿಯವರು, ಸ್ನೇಹಿತರು-ಬಂಧುಗಳು, ಸ್ವತಃ ಎಂಬ ಆಯ್ಕೆಗಳಿವೆ. ಯಾರ ಹೆಸರನ್ನೂ ಬರೆಯಬೇಕಾಗಿಲ್ಲ. ಹಾಗಾಗಿ ಭಜನಾ ಮಂಡಳಿಯ ಅಕ್ಕನಿಗೆ ಬೇಸರವಾದೀತು ಎಂಬ ಚಿಂತೆಗೂ ಕಾರಣವಿಲ್ಲ.

ವರದಿಯಿಂದ ಆಗುವುದು, ಆಗದಿರುವುದು

ವರದಿ ಕೊಟ್ಟ ಕೂಡಲೇ ಬಾಟಲಿ ಅಂಗಡಿಯಿಂದ ಮಾಯವಾಗುತ್ತದೆ ಎಂದು ಯಾರೂ ಭಾವಿಸಬಾರದು. ಒಂದು ವರದಿ ಒಂದು ಹನಿ. ಅದೇ ಉತ್ಪನ್ನದ ಬಗ್ಗೆ ಪುಣೆಯಿಂದ, ಮಂಗಳೂರಿನಿಂದ, ಹುಬ್ಬಳ್ಳಿಯಿಂದ ಬಂದ ಹನಿಗಳು ಸೇರಿದಾಗ ತಜ್ಞರಿಗೆ ಸುಳಿವು ಸಿಗುತ್ತದೆ. ಹಾಗೆ ಸೇರಬೇಕಾದರೆ ಉತ್ಪನ್ನದ ಹೆಸರು, ಬ್ಯಾಚು ಒಂದೇ ರೀತಿ ದಾಖಲಾಗಿರಬೇಕು. ಒಬ್ಬರು ಗುಳವೇಲ್, ಇನ್ನೊಬ್ಬರು ಗಿಲೋಯ್, ಮತ್ತೊಬ್ಬರು ಅಮೃತಬಳ್ಳಿ ಎಂದು ಬರೆದು ತಯಾರಕರ ಹೆಸರನ್ನು ಬಿಟ್ಟರೆ ಒಂದೇ ಹೊಳೆಯ ನೀರು ಮೂರು ಕಾಲುವೆಯಲ್ಲಿ ಹರಿದು ಹೋಗುತ್ತದೆ. ಚೀಟಿಯಲ್ಲಿ ಇರುವ ಹೆಸರನ್ನೇ, ಇರುವಂತೆಯೇ ಬರೆಯಬೇಕು ಎನ್ನುವುದು ಇದಕ್ಕಾಗಿ.

ಪ್ರಯೋಗಾಲಯದ ಪರೀಕ್ಷೆಗೂ ಮಿತಿಯಿದೆ. ಆಹಾರ ಸುರಕ್ಷತಾ ಅಧಿಕಾರಿ ಅಂಗಡಿಯಿಂದ ಮಾದರಿ ತೆಗೆದು ಪರೀಕ್ಷೆಗೆ ಕಳಿಸಬಹುದು. ಮನೆಯಲ್ಲಿ ತೆರೆದಿಟ್ಟ ಬಾಟಲಿಯ ಬಗ್ಗೆ 'ಒಳಗೆ ಏನು ಬೆರೆಸಿದ್ದಾರೋ' ಎಂದು ತಯಾರಕರು ವಾದಿಸಬಹುದು, ಆದುದರಿಂದ ಅದೇ ಬ್ಯಾಚಿನ ತೆರೆಯದ ಬಾಟಲಿ ಎಲ್ಲಿ ಸಿಗುತ್ತದೆ ಎಂದು ದೂರಿನಲ್ಲಿ ತಿಳಿಸುವುದು ಒಳ್ಳೆಯದು. 2006ರ ಆಹಾರ ಸುರಕ್ಷತಾ ಕಾಯಿದೆಯ 40ನೇ ಕಲಮಿನಂತೆ ಗ್ರಾಹಕರೇ ಶುಲ್ಕ ಕಟ್ಟಿ ಆಹಾರವನ್ನು ಪರೀಕ್ಷೆ ಮಾಡಿಸಬಹುದು. ಆದರೆ ಹಾಗೆ ಮಾಡುವ ಉದ್ದೇಶವನ್ನು ಕೊಳ್ಳುವ ಹೊತ್ತಿನಲ್ಲೇ ಅಂಗಡಿಯವರಿಗೆ ತಿಳಿಸಬೇಕು. ಆಹಾರ ಕಾಯಿದೆಗೆ ವಿರುದ್ಧವಾಗಿದೆ ಎಂದು ವರದಿ ಬಂದರೆ ಶುಲ್ಕ ವಾಪಸು ಸಿಗುತ್ತದೆ.

ಮಾದರಿ ಪಾಸಾಯಿತು ಎಂದಾಕ್ಷಣ ರೋಗಿ ಸುಳ್ಳು ಹೇಳಿದರು ಎಂದಾಗುವುದಿಲ್ಲ. ಚೀಟಿಯಲ್ಲಿ ಬರೆದದ್ದು ಒಳಗೆ ಇದೆಯೇ, ಬೆರಕೆ ಇದೆಯೇ ಎಂಬುದನ್ನಷ್ಟೇ ಆ ಪರೀಕ್ಷೆ ಹೇಳುತ್ತದೆ. ಅಪ್ಪಟ ವಸ್ತುವೇ ಸಾವಿರದಲ್ಲಿ ಒಬ್ಬರ ದೇಹಕ್ಕೆ ಒಗ್ಗದಿರಬಹುದು. ಮುಂಬಯಿಯ ಆ ರೋಗಿಗಳಲ್ಲಿ ಕೂಡ ಲಿವರ್‌ನ ತುಣುಕು ತೆಗೆದು ನೋಡಿದಾಗ, ದೇಹದ ರಕ್ಷಣಾ ವ್ಯವಸ್ಥೆ ತನ್ನ ಲಿವರ್‌ನ ಮೇಲೆಯೇ ತಿರುಗಿಬಿದ್ದ ಲಕ್ಷಣಗಳು ಕಂಡವು. ಇಂತಹ ತೊಂದರೆಯನ್ನು ಬಾಟಲಿಯ ಪರೀಕ್ಷೆ ಹಿಡಿಯಲಾರದು, ಮನುಷ್ಯರ ವರದಿಗಳೇ ಹಿಡಿಯಬೇಕು.

ವ್ಯವಸ್ಥೆಯ ಕೊರತೆಯನ್ನೂ ಇಲ್ಲಿ ಹೇಳಲೇಬೇಕು. ಆಹಾರದ ದೂರು ವಸ್ತುವಿನ ದೋಷದ ಕಡೆಗೆ ನೋಡುತ್ತದೆ, ಔಷಧದ ನಮೂನೆ ರೋಗಿಯ ಕಡೆಗೆ ನೋಡುತ್ತದೆ. ಹೆಲ್ತ್ ಸಪ್ಲಿಮೆಂಟ್ ಎಂಬುದು ಕಾನೂನಿನಲ್ಲಿ ಆಹಾರ, ನುಂಗುವವರ ಮನಸ್ಸಿನಲ್ಲಿ ಔಷಧ. ಅದರಿಂದಾದ ತೊಂದರೆ ಈ ಎರಡರ ನಡುವಿನ ಸಂದಿಯಲ್ಲಿ ಬೀಳುತ್ತದೆ. ಕಾಯಿಲೆ ಬಿದ್ದ ಮನುಷ್ಯ ಚೀಟಿಯ ಮೇಲಿನ ನಂಬರ್ ಓದಿ ಇಲಾಖೆ ಹುಡುಕಬೇಕು ಎನ್ನುವುದು ಸರಿಯಲ್ಲ. ಒಂದೇ ನಂಬರಿಗೆ ಕರೆ ಮಾಡಿದರೆ ಸಂಬಂಧಪಟ್ಟ ಇಲಾಖೆಗೆ ಅವರೇ ಮುಟ್ಟಿಸುವ ವ್ಯವಸ್ಥೆ ಬರಬೇಕು. ಅದು ಬರುವವರೆಗೆ, ಎಫ್‌ಎಸ್‌ಎಸ್‌ಎಐ ನಂಬರ್ ಇರುವ ಉತ್ಪನ್ನದಿಂದ ಆಸ್ಪತ್ರೆ ಸೇರುವಂತಾದರೆ ಎರಡೂ ಕಡೆ ಬರೆಯುವುದೇ ಸರಿ: ವಸ್ತುವಿನ ದೂರು ಆಹಾರ ಇಲಾಖೆಗೆ, ರೋಗಿಯ ವರದಿ ಚಿಕಿತ್ಸೆ ನೀಡಿದ ವೈದ್ಯರ ಮೂಲಕ ಔಷಧ ಜಾಗರೂಕತಾ ಕೇಂದ್ರಕ್ಕೆ. ವೈದ್ಯರ ಸಹಿಯಿರುವ ವರದಿಗೆ ತೂಕ ಹೆಚ್ಚು. ವೈದ್ಯರಿಗೆ ಬಿಡುವಿಲ್ಲದಿದ್ದರೆ ಗ್ರಾಹಕರ ನಮೂನೆ ಇದ್ದೇ ಇದೆ. ಯಾವುದೇ ಕಡೆ ಕೊಟ್ಟರೂ ದೂರಿನ ನಂಬರ್ ಬರೆದಿಟ್ಟುಕೊಳ್ಳಬೇಕು.

ಪರಿಹಾರದ ಹಣ ಬೇಕೆನ್ನುವವರ ದಾರಿ ಬೇರೆ. ಅಡ್ಡಪರಿಣಾಮದ ವರದಿಯಿಂದ ಹಣ ಬರುವುದಿಲ್ಲ. ಅದಕ್ಕೆ ಗ್ರಾಹಕ ಆಯೋಗವಿದೆ, ಎರಡು ವರ್ಷದೊಳಗೆ ಹೋಗಬೇಕು. ಅಲ್ಲಿಯೂ ಕೇಳುವುದು ಅದೇ ಬಿಲ್ಲು, ಅದೇ ಬ್ಯಾಚ್ ನಂಬರ್, ಅದೇ ತಾರೀಕುಗಳು.

ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡ ಸಂಘಗಳು ಆರೋಗ್ಯ ಶಿಬಿರ ನಡೆಸುವಾಗ ಬಿಪಿ, ಸಕ್ಕರೆ ನೋಡುವ ಮೇಜಿನ ಪಕ್ಕದಲ್ಲಿ ಇನ್ನೊಂದು ಮೇಜು ಹಾಕಬಹುದು. ಕನ್ನಡದ ನಮೂನೆಯ ಕೆಲವು ಪ್ರತಿಗಳು, ಹಿರಿಯರು ಹೇಳಿದ್ದನ್ನು ಬರೆದುಕೊಳ್ಳಲು ಒಬ್ಬ ಕಾಲೇಜು ಹುಡುಗಿಯೋ ಹುಡುಗನೋ ಇದ್ದರೆ ಸಾಕು. 'ಯಾವ ಔಷಧ ತೆಗೆದುಕೊಳ್ಳುತ್ತೀರಿ?' ಎಂದು ಕೇಳದೆ, 'ದಿನಾ ಬೆಳಿಗ್ಗೆಯಿಂದ ರಾತ್ರಿವರೆಗೆ ಊಟ-ತಿಂಡಿ ಬಿಟ್ಟು ಏನೇನು ಬಾಯಿಗೆ ಹಾಕುತ್ತೀರಿ ಅಮ್ಮಾ?' ಎಂದು ಅವರ ಮಾತಿನಲ್ಲೇ ಕೇಳಿದರೆ ರಸ, ಚೂರ್ಣ, ಕ್ಯಾಪ್ಸೂಲ್ ಎಲ್ಲವೂ ಹೊರಗೆ ಬರುತ್ತವೆ. ಆ ಪಟ್ಟಿಯನ್ನು ಒಂದು ಕಾಗದದಲ್ಲಿ ಆರಂಭಿಸಿದ ತಾರೀಕಿನೊಂದಿಗೆ ಬರೆದು ಅವರ ಆಸ್ಪತ್ರೆ ಫೈಲಿನಲ್ಲಿ ಇಟ್ಟುಬಿಟ್ಟರೆ, ನಾಳೆ ಕಣ್ಣು ಹಳದಿಯಾದ ದಿನ ಡಾಕ್ಟರ್ ಕೇಳುವ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಿರುತ್ತದೆ.